ಹಿನ್ನೋಟಗಳ ಕಾದಂಬರಿಗೆ ಯಾವ ನಕ್ಷೆ: ಒಂದು ಗೆರೆ, ಜೋಡಿ ಗೆರೆ, ಗ್ರಾಫ್

ಹಿಂದುಮುಂದಾಗಿ ಸಾಗುವ ಕಾದಂಬರಿಯ ಕಾಲವನ್ನು ತರಗತಿಗೆ ಚಿತ್ರವಾಗಿ ತೋರಿಸಬೇಕೆನ್ನಿ. ಕಥೆ ಎಷ್ಟು ಹಿಂದಕ್ಕೆ ಹೋಯಿತು? ಅಲ್ಲಿ ಎಷ್ಟು ಹೊತ್ತು ನಿಂತಿತು? ಫ್ಲ್ಯಾಶ್‌ಬ್ಯಾಕ್‌ನ ನಕ್ಷೆ ಈ ಎರಡಕ್ಕೂ ಉತ್ತರ ಕೊಡಬೇಕು. ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ಇವೆರಡನ್ನೂ ಬೇರೆ ಬೇರೆ ಅಳತೆಗಳಾಗಿ ಗುರುತಿಸಿದ. ತರಗತಿಯಲ್ಲಿ ತೋರಿಸುವ ಬಹುತೇಕ ನಕ್ಷೆಗಳು ಮೊದಲನೆಯದನ್ನು ಹೇಳಿ ಎರಡನೆಯದನ್ನು ಮರೆಯುತ್ತವೆ. ಎಮಿಲಿ ಬ್ರಾಂಟಿಯ ‘ವದರಿಂಗ್ ಹೈಟ್ಸ್’ (1847) ಕಾದಂಬರಿಯನ್ನೇ ಹಿಡಿದು ಮೂರು ಬಗೆಯ ನಕ್ಷೆ ಬಿಡಿಸಿ ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಇದರಲ್ಲಿ 34 ಅಧ್ಯಾಯಗಳಿವೆ. ಕಥೆ ಶುರುವಾಗುವುದು 1801ರಲ್ಲಿ, ಆದರೆ ನಾಲ್ಕನೇ ಅಧ್ಯಾಯದಲ್ಲಿ ಮನೆಗೆಲಸದ ನೆಲ್ಲಿ ಬಾಯಿಬಿಟ್ಟ ಮೇಲೆ ಮೂವತ್ತು ವರ್ಷ ಹಿಂದಕ್ಕೆ ಜಾರುತ್ತದೆ.

ಯಾವ ನಕ್ಷೆಯಾದರೂ ಮೊದಲು ಇಸವಿಗಳು ಬೇಕು. ಇಲ್ಲೇ ಹೆಚ್ಚಿನವರು ಎಡವುವುದು, ಏಕೆಂದರೆ ಕಾದಂಬರಿ ಇಸವಿಗಳನ್ನು ಬಿಟ್ಟುಕೊಡುವುದೇ ಅಪರೂಪ. 1801 ಮತ್ತು 1802 ಅಧ್ಯಾಯಗಳ ತಲೆಯಲ್ಲೇ ಇವೆ. ಏಳನೇ ಅಧ್ಯಾಯದ ಕೊನೆಯಲ್ಲಿ 1778ರ ಬೇಸಿಗೆ ಬರುತ್ತದೆ. ಉಳಿದದ್ದನ್ನು ಪಾತ್ರಗಳ ವಯಸ್ಸಿನಿಂದ ಲೆಕ್ಕ ಹಾಕಬೇಕು. ಕಥಾನಾಯಕ, ಅನಾಥ ಹುಡುಗ ಹೀತ್‌ಕ್ಲಿಫ್ ಮನೆಗೆ ಬಂದದ್ದು ಯಾವಾಗ ಎಂದು ತಿಳಿಯಬೇಕೆನ್ನಿ. ನಾಯಕಿ ಕ್ಯಾಥರೀನಳ ಮಗಳು ಚಿಕ್ಕ ಕ್ಯಾಥಿಗೆ ಹದಿನಾರು ತುಂಬುವುದು 21ನೇ ಅಧ್ಯಾಯದ ಮಾರ್ಚ್‌ನಲ್ಲಿ. ಅದರ ಮುಂದಿನ ಚಳಿಗಾಲದ ಘಟನೆಗಳನ್ನು ನೆಲ್ಲಿ 25ನೇ ಅಧ್ಯಾಯದಲ್ಲಿ ‘ಹೋದ ಚಳಿಗಾಲದ್ದು’ ಎನ್ನುತ್ತಾಳೆ. ಅವಳು ಕಥೆ ಹೇಳುತ್ತಿರುವುದು 1801–02ರ ಚಳಿಗಾಲದಲ್ಲಿ, ಹಾಗಾಗಿ ಆ ಹುಟ್ಟುಹಬ್ಬ 1800ರದು, ಹುಟ್ಟಿದ್ದು 1784. ಅದೇ ರಾತ್ರಿ ತಾಯಿ ಕ್ಯಾಥರೀನ್ ಸಾಯುತ್ತಾಳೆ. ಆಮೇಲೆ ಆರು ತಿಂಗಳೊಳಗೆ ಅವಳ ಅಣ್ಣ ಹಿಂಡ್ಲಿ ಇಪ್ಪತ್ತೇಳರ ವಯಸ್ಸಿನಲ್ಲಿ ತೀರಿಕೊಳ್ಳುತ್ತಾನೆ, ಅಂದರೆ ಅವನು ಹುಟ್ಟಿದ್ದು 1757ರ ಸುಮಾರು. ಹೀತ್‌ಕ್ಲಿಫ್ ಬಂದಾಗ ಹಿಂಡ್ಲಿಗೆ ಹದಿನಾಲ್ಕು. ಸಿಕ್ಕಿತು: 1771, ಕೊಯ್ಲು ಶುರುವಾಗುವ ಕಾಲ. ಹೀಗೆ ಲೆಕ್ಕದಿಂದ ಬಂದ ಇಸವಿಗಳನ್ನು ನಕ್ಷೆಯಲ್ಲಿ ಟೊಳ್ಳು ಚುಕ್ಕಿಯಾಗಿಯೂ ಪಠ್ಯದಲ್ಲೇ ಇರುವುದನ್ನು ತುಂಬಿದ ಚುಕ್ಕಿಯಾಗಿಯೂ ಇಡಿ. ‘ಇದು ಎಲ್ಲಿ ಬರೆದಿದೆ?’ ಎಂದು ಯಾರಾದರೂ ಕೇಳಿದರೆ ಉತ್ತರ ಚುಕ್ಕಿಯಲ್ಲೇ ಇರುತ್ತದೆ.

ಈಗ ಮೊದಲ ಬಗೆ: ಒಂದೇ ಗೆರೆ. 1771ರಿಂದ 1802ರವರೆಗೆ ಅಡ್ಡಗೆರೆ ಎಳೆದು, ಪ್ರತಿ ಘಟನೆಯ ಕೆಳಗೆ ಅಧ್ಯಾಯದ ಸಂಖ್ಯೆ ಬರೆಯುವುದು. ಬೇಗ ಮುಗಿಯುತ್ತದೆ, ಪುಸ್ತಕ ಓದದವರಿಗೂ ಅರ್ಥವಾಗುತ್ತದೆ. ಆದರೆ ನಮಗೆ ಬೇಕಾದ ಕೆಲಸವನ್ನೇ ಇದು ಮಾಡುವುದಿಲ್ಲ. ಹಿಂದುಮುಂದಾದ ಕಥೆಯನ್ನು ಇದು ಸರಿಯಾದ ಕ್ರಮಕ್ಕೆ ಜೋಡಿಸಿಬಿಡುತ್ತದೆ, ಲೇಖಕಿ ಅದನ್ನು ಕದಲಿಸಿದ್ದು ಎಲ್ಲಿ ಎಂಬುದೇ ಅಳಿಸಿಹೋಗುತ್ತದೆ. ಕೆಲಸದ ಟಿಪ್ಪಣಿಯಾಗಿ ಇಟ್ಟುಕೊಳ್ಳಿ, ಪರದೆಯ ಮೇಲೆ ಹಾಕಬೇಡಿ.

ಎರಡನೆಯದು ಜೋಡಿ ಗೆರೆ. ಮೇಲಿನ ಗೆರೆಯಲ್ಲಿ ಘಟನೆಗಳು ಪುಸ್ತಕದಲ್ಲಿ ಬರುವ ಕ್ರಮ, ಕೆಳಗಿನದರಲ್ಲಿ ನಿಜವಾಗಿ ನಡೆದ ಕ್ರಮ. ಒಂದೇ ಘಟನೆಯ ಎರಡು ಚುಕ್ಕಿಗಳನ್ನು ಸೇರಿಸಿ. ಎರಡು ಗೀಟುಗಳು ಒಂದನ್ನೊಂದು ದಾಟಿದಲ್ಲೆಲ್ಲ ಕ್ರಮ ತಪ್ಪಿದೆ ಎಂದರ್ಥ. ಈ ಕಾದಂಬರಿಗೆ ಹಾಗೆ ಮಾಡಿದಾಗ ಮೊದಲ ಮೂರು ಅಧ್ಯಾಯಗಳ 1801ರ ಗೀಟುಗಳು ಎಡದಿಂದ ಬಲತುದಿಯವರೆಗೆ ಓರೆಯಾಗಿ ಓಡಿ ಎಲ್ಲವನ್ನೂ ದಾಟುತ್ತವೆ. ಉಳಿದವು ಹೆಚ್ಚುಕಡಿಮೆ ನೇರವಾಗಿ ನಿಲ್ಲುತ್ತವೆ. ಚಿತ್ರ ಸೊಗಸಾಗಿದೆ, ಆದರೆ ಎರಡು ತೊಂದರೆ. ಹನ್ನೆರಡು ಹದಿನೈದು ಘಟನೆ ದಾಟಿದರೆ ಗೀಟುಗಳು ಸಿಕ್ಕುಸಿಕ್ಕಾಗಿ, ಹಿಂದಿನ ಬೆಂಚಿನವರಿಗೆ ಏನೂ ಕಾಣುವುದಿಲ್ಲ. ಇನ್ನೂ ದೊಡ್ಡದೆಂದರೆ, ಇದು ಕ್ರಮವನ್ನಷ್ಟೇ ಬಲ್ಲದು, ಅವಧಿಯನ್ನಲ್ಲ. 17ನೇ ಮತ್ತು 18ನೇ ಅಧ್ಯಾಯಗಳ ನಡುವೆ ಹನ್ನೆರಡು ವರ್ಷ ಹಾರಿಹೋಗುತ್ತವೆ; ಇಲ್ಲಿ ಅವು ಪಕ್ಕಪಕ್ಕದ ಎರಡು ಚುಕ್ಕಿ ಮಾತ್ರ.

ಮೂರನೆಯದು ಗ್ರಾಫ್. ಈ ಪುಸ್ತಕಕ್ಕೆ ಇದೇ ಸರಿ ಎಂದು ನಿಸ್ಸಂಕೋಚವಾಗಿ ಹೇಳಬಹುದು. ಅಡ್ಡ ಅಕ್ಷದಲ್ಲಿ ಅಧ್ಯಾಯ, ಲಂಬ ಅಕ್ಷದಲ್ಲಿ ಕಥೆಯ ಇಸವಿ. ತಿಂಗಳನ್ನು ದಶಮಾಂಶ ಮಾಡಿ: ತಿಂಗಳಿಂದ ಒಂದು ಕಳೆದು ಹನ್ನೆರಡರಿಂದ ಭಾಗಿಸಿ ಇಸವಿಗೆ ಕೂಡಿದರೆ ಆಯಿತು. 1784ರ ಮಾರ್ಚ್ 1784.2 ಆಗುತ್ತದೆ. ಅಧ್ಯಾಯದ ನಡುವೆ ಬರುವುದಕ್ಕೆ .5, ಕೊನೆಯಲ್ಲಿ ಬರುವುದಕ್ಕೆ .9 ಎಂದು ಅಧ್ಯಾಯದ ಸಂಖ್ಯೆಗೆ ಸೇರಿಸಿ. ಮುಖ್ಯ ಸಾಲುಗಳು ಇಷ್ಟು:

```
1     1801.9
2.9   1801.9
3     1777.8
3.5   1801.9
4     1771.6
7.9   1778.4
16    1784.2
17.9  1784.7
18    1797.5
30    1801.9
32    1802.7
```

ಎಕ್ಸೆಲ್‌ನಲ್ಲಿ Scatter with Straight Lines and Markers ಆರಿಸಿ. ಸಾಮಾನ್ಯ ಲೈನ್ ಚಾರ್ಟ್ ಅಡ್ಡ ಅಕ್ಷದ ಸಂಖ್ಯೆಗಳನ್ನು ಬರೀ ಹೆಸರುಪಟ್ಟಿಯಂತೆ ಸಮ ಅಂತರದಲ್ಲಿ ಕೂರಿಸುತ್ತದೆ, 17.9ರಿಂದ 18ಕ್ಕೂ 18ರಿಂದ 30ಕ್ಕೂ ಒಂದೇ ದೂರವಾಗಿ ಚಿತ್ರವೇ ಸುಳ್ಳಾಗುತ್ತದೆ. ಲಂಬ ಅಕ್ಷವನ್ನು 1770ರಿಂದ 1805ಕ್ಕೆ ಕಟ್ಟಿಹಾಕಿ. ಸೊನ್ನೆಯಿಂದ ಶುರುವಾದರೆ ಇಡೀ ಗೆರೆ ಮೇಲ್ತುದಿಗೆ ಅಂಟಿಕೊಳ್ಳುತ್ತದೆ.

ಬಂದ ಚಿತ್ರ ಓದಿದಾಗಿನ ಅನುಭವಕ್ಕಿಂತ ಬೇರೆ ಮಾತನ್ನೇ ಹೇಳುತ್ತದೆ. ಮೂರನೇ ಅಧ್ಯಾಯದಲ್ಲಿ, ನೆಲ್ಲಿಯ ಕಥೆ ಕೇಳಿ ನಮಗೆ ಹೇಳುವ ಬಾಡಿಗೆದಾರ ಲಾಕ್‌ವುಡ್ ಕ್ಯಾಥರೀನಳ ಹಳೆಯ ದಿನಚರಿ ಓದುವಾಗ ಗೆರೆ ಒಮ್ಮೆ ಬಾವಿಗಿಳಿದು ತಕ್ಷಣ ಮೇಲೆ ಬರುತ್ತದೆ. ದೂರ ಹೆಚ್ಚು, ಅವಧಿ ಕಡಿಮೆ. ನಾಲ್ಕರಲ್ಲಿ ಮತ್ತೆ ಇಳಿದು, ಆಮೇಲೆ 30ರವರೆಗೂ ಏರುತ್ತಲೇ ಹೋಗುತ್ತದೆ. ತುಂಬಾ ಗೋಜಲು ಎನಿಸುವ ಕಾದಂಬರಿ ಅಸಲಿಗೆ ಒಂದೇ ಒಂದು ಉದ್ದನೆಯ ಹಿನ್ನೋಟ, ಅದೂ ಕಾಲಕ್ರಮದಲ್ಲೇ ಹೇಳಿದ್ದು. ಗೋಜಲಿಗೆ ಕಾರಣ ಕಾಲವಲ್ಲ. ಎರಡು ತಲೆಮಾರಿನಲ್ಲಿ ಮರುಕಳಿಸುವ ಹೆಸರುಗಳು ಮತ್ತು ಒಬ್ಬರ ಬಾಯೊಳಗೆ ಇನ್ನೊಬ್ಬರ ಬಾಯಿ. ಅದಕ್ಕೇ ಗೆರೆಗೆ ಬಣ್ಣ ಕೊಡಬೇಕಾದದ್ದು ಕಾಲಕ್ಕಲ್ಲ, ಹೇಳುವವರಿಗೆ: ಲಾಕ್‌ವುಡ್‌ಗೆ ಒಂದು, ನೆಲ್ಲಿಗೆ ಒಂದು, 13ನೇ ಅಧ್ಯಾಯದಲ್ಲಿ ಹೀತ್‌ಕ್ಲಿಫ್‌ನ ಹೆಂಡತಿ ಇಸಬೆಲ್ಲಾಳ ಪತ್ರಕ್ಕೆ ಇನ್ನೊಂದು.

ಗ್ರಾಫಿಗೂ ಮಿತಿಗಳಿವೆ. 32ನೇ ಅಧ್ಯಾಯದಲ್ಲಿ ಲಾಕ್‌ವುಡ್ 1802ರ ಸೆಪ್ಟೆಂಬರ್‌ನಲ್ಲಿ ಮರಳಿದಾಗ ನೆಲ್ಲಿ ಕೆಲವು ತಿಂಗಳ ಹಿಂದಿನದನ್ನು ಹೇಳುತ್ತಾಳೆ. ಹೀತ್‌ಕ್ಲಿಫ್‌ನ ಸಾವು ಬರುವುದು ಆ ಹಿನ್ನೋಟದಲ್ಲೇ. ಮೂವತ್ತು ವರ್ಷದ ಅಕ್ಷದಲ್ಲಿ ಅಷ್ಟು ಸಣ್ಣ ತಗ್ಗು ಕಾಣುವುದೇ ಇಲ್ಲ. 1802ಕ್ಕೆ ಮಾತ್ರ ತಿಂಗಳುಗಳ ಅಕ್ಷವಿರುವ ಎರಡನೇ ಸಣ್ಣ ಗ್ರಾಫ್ ಮೂಲೆಯಲ್ಲಿ ಇಡಲೇಬೇಕು. ಇನ್ನೊಂದು: ಪಾತ್ರವೊಂದು ಹಳೆಯದನ್ನು ಒಂದು ಮಾತಲ್ಲಿ ನೆನೆದರೆ ಗೆರೆ ಇಳಿಸಬೇಡಿ, ಚುಕ್ಕಿ ಸಾಕು. ದೃಶ್ಯವೇ ಅಲ್ಲಿ ನಡೆದರೆ ಮಾತ್ರ ಗೆರೆ ಇಳಿಯಲಿ. ಈ ನಿಯಮ ಇಲ್ಲದಿದ್ದರೆ ಗ್ರಾಫ್ ಗರಗಸದಂತಾಗಿ ನಿಜವಾದ ತಿರುವು ಮುಚ್ಚಿಹೋಗುತ್ತದೆ.

ತೋರಿಸುವಾಗ ಪೂರ್ತಿ ಗ್ರಾಫನ್ನು ಒಮ್ಮೆಲೇ ಹಾಕದೆ ಮೂರು ಸ್ಲೈಡ್ ಮಾಡಿ: ಖಾಲಿ ಅಕ್ಷಗಳು, ನಾಲ್ಕನೇ ಅಧ್ಯಾಯದವರೆಗಿನ ಗೆರೆ, ಆಮೇಲೆ ಉಳಿದದ್ದು. ಅಕ್ಷ ಓದುವುದು ಹೇಗೆಂದು ಖಾಲಿ ಸ್ಲೈಡಿನಲ್ಲೇ ಹೇಳಿ ಮುಗಿಸಿ. ಇಸವಿಯ ಸುಳಿವೇ ಸಿಗದ, ಪ್ರಜ್ಞಾಪ್ರವಾಹದ ಕಾದಂಬರಿ ನಿಮ್ಮ ಪಾಲಿಗೆ ಬಂದಿದ್ದರೆ ಮಾತ್ರ ಗ್ರಾಫ್ ಬಿಟ್ಟು ಜೋಡಿ ಗೆರೆಗೆ ಬನ್ನಿ. ‘ಇದು ಮೊದಲು, ಅದು ಆಮೇಲೆ’ ಎಂದಷ್ಟು ತಿಳಿದರೂ ಅದಕ್ಕೆ ಸಾಕು.