ಕಡಸಿನ ತೂಕ ಅಳೆಯುವ ಟೇಪು: ನಾಲ್ಕು ವರ್ಷ ಬಳಸಿದ ಮೇಲೆ

ಎಚ್‌ಎಫ್ ಮಿಶ್ರತಳಿಯ ಹಸುಗಳನ್ನು ಸಾಕುವವನು ನಾನು. ಊರು ಮಂಡ್ಯ ಜಿಲ್ಲೆಯಲ್ಲಿದೆ. ಎದೆಯ ಸುತ್ತಳತೆ ನೋಡಿ ತೂಕ ಹೇಳುವ ಟೇಪನ್ನು ಕೊಂಡು ನಾಲ್ಕು ವರ್ಷವಾಯಿತು. ಒಂದು ಬದಿಯಲ್ಲಿ ಸೆಂಟಿಮೀಟರ್, ಇನ್ನೊಂದು ಬದಿಯಲ್ಲಿ ಅದಕ್ಕೆ ಸರಿಹೊಂದುವ ಕಿಲೋ ಅಚ್ಚಾಗಿರುತ್ತದೆ. ಇದರಲ್ಲಿ ಏಳು ಕಡಸುಗಳನ್ನು ಅಳೆದಿದ್ದೇನೆ.

ಕೊಳ್ಳಲು ಕಾರಣವಾದದ್ದು ಕಾವೇರಿ ಎಂಬ ಕಡಸು. ಅದು ಹನ್ನೆರಡನೇ ತಿಂಗಳಿಗೇ ಬೆದೆಗೆ ಬಂತು. ಬೆದೆ ಬಂದ ಮೇಲೆ ಕಾಯುವುದೇಕೆ ಎಂದು ಗರ್ಭಧಾರಣೆಯ ಇಂಜೆಕ್ಷನ್ ಕೊಡಿಸಿದೆ. ಕರು ಹಾಕುವಾಗ ಎರಡು ಗಂಟೆ ನರಳಿತು, ಕೊನೆಗೆ ವೈದ್ಯರು ಬಂದು ಎಳೆಯಬೇಕಾಯಿತು. ಆ ಸೂಲಿನಲ್ಲಿ ಹಾಲು ಹೊತ್ತಿಗೆ ನಾಲ್ಕು ಲೀಟರ್ ದಾಟಲಿಲ್ಲ, ಮತ್ತೆ ಬೆದೆಗೆ ಬರಲು ಏಳು ತಿಂಗಳು ಹಿಡಿಯಿತು. ಹಸು ಇನ್ನೂ ಬೆಳೆಯುತ್ತಿತ್ತು. ತಿಂದದ್ದು ಮೈಗೂ ಹಾಲಿಗೂ ಹಂಚಿಹೋಗಿ ಎರಡಕ್ಕೂ ಸಾಲಲಿಲ್ಲ. ಬೆದೆ ಎಂದರೆ ಕಡಸು ಪ್ರಾಯಕ್ಕೆ ಬಂದಿದೆ ಎಂದಷ್ಟೇ ಅರ್ಥ, ಗರ್ಭ ಹೊರಲು ಮೈ ಸಿದ್ಧವಾಗಿದೆ ಎಂದಲ್ಲ. ದೊಡ್ಡ ಹಸುವಿನ ತೂಕದ ನೂರಕ್ಕೆ ಅರವತ್ತರಷ್ಟಾದರೂ ಆಗಿರಬೇಕು. ನಮ್ಮ ಹಸುಗಳು 420ರಿಂದ 440 ಕಿಲೋ ತೂಗುವುದರಿಂದ ಕಡಸಿಗೆ ಸುಮಾರು 255 ಕಿಲೋ ಬೇಕು.

ಟೇಪಿನ ನಿಜವಾದ ಬೆಲೆ ತಿಳಿದದ್ದು ಗೌರಿಯಿಂದ. ಮೂರು ತಿಂಗಳಿಗೆ ಹಾಲು ಬಿಡಿಸಿದಾಗ 78 ಕಿಲೋ ಇತ್ತು. ದಿನಕ್ಕೆ ಅರ್ಧ ಕಿಲೋ, ಅಂದರೆ ತಿಂಗಳಿಗೆ 15 ಕಿಲೋ ಏರಬೇಕೆಂದು ಗೋಡೆಯ ಮೇಲೆ ಬರೆದಿಟ್ಟಿದ್ದೆ. ಮುಂದಿನ ಎರಡು ತಿಂಗಳಲ್ಲಿ ಏರಿದ್ದು ಒಟ್ಟು 13 ಕಿಲೋ. ನೋಡುವವರೆಲ್ಲ ‘ಕರು ದುಂಡಗಿದೆ’ ಎನ್ನುತ್ತಿದ್ದರು. ದುಂಡಗಿದ್ದದ್ದು ಹೊಟ್ಟೆ. ಟೇಪು ಎದೆಯ ಸುತ್ತ ಹೋಗುವುದರಿಂದ ಜೋತುಬಿದ್ದ ಹೊಟ್ಟೆಗೆ ಮೋಸಹೋಗುವುದಿಲ್ಲ. ಹತ್ತಿರ ಕೂತು ನೋಡಿದರೆ ಕೂದಲು ಒರಟಾಗಿ ಎದ್ದು ನಿಂತಿತ್ತು. ಸಗಣಿ ಪರೀಕ್ಷೆಯಲ್ಲಿ ಜಂತುಹುಳುವಿನ ಮೊಟ್ಟೆ ಸಿಕ್ಕಿತು. ವೈದ್ಯರು ಹೇಳಿದ ಔಷಧ ಕುಡಿಸಿದೆ, ಬರೀ ಭತ್ತದ ಹುಲ್ಲು ನಿಲ್ಲಿಸಿ ಹಸಿ ಜೋಳದ ಮೇವಿನ ಜೊತೆ ದಿನಕ್ಕೆ ಒಂದೂವರೆ ಕಿಲೋ ಪಶು ಆಹಾರ ಮತ್ತು ಖನಿಜ ಮಿಶ್ರಣ ಕೊಟ್ಟೆ. ಆಮೇಲೆ ತಿಂಗಳಿಗೆ 16 ಕಿಲೋ ಏರತೊಡಗಿತು.

ಹಾಗೆಂದು ಹಿಂಡಿ ಸುರಿದು ತೂಕ ಓಡಿಸಬಾರದು. ಪ್ರಾಯಕ್ಕೆ ಬರುವ ಮೊದಲೇ ಅತಿಯಾಗಿ ಕೊಬ್ಬಿದರೆ ಕೆಚ್ಚಲಿನಲ್ಲಿ ಹಾಲಿನ ಗ್ರಂಥಿ ಬೆಳೆಯಬೇಕಾದ ಜಾಗದಲ್ಲಿ ಕೊಬ್ಬು ಕೂರುತ್ತದೆ.

ಗೌರಿ ಒಂದು ವರ್ಷಕ್ಕೆ ಬೆದೆಗೆ ಬಂದಾಗ ಟೇಪು 205 ತೋರಿಸಿತು. ದಿನಾಂಕ ಬರೆದುಕೊಂಡು ಸುಮ್ಮನಿದ್ದೆ. ಇಪ್ಪತ್ತೊಂದು ದಿನಕ್ಕೊಮ್ಮೆ ಬೆದೆ ಮರಳುತ್ತಿದ್ದಂತೆ ಮನೆಯಲ್ಲಿ ಒತ್ತಾಯ ಹೆಚ್ಚಿತು, ಆದರೂ ಬಿಟ್ಟುಕೊಡಲಿಲ್ಲ. ಹದಿನೈದನೇ ತಿಂಗಳಲ್ಲಿ ಸಣ್ಣ ಲಾರಿಯಲ್ಲಿ ಹತ್ತಿಸಿ ವೇಬ್ರಿಡ್ಜ್‌ಗೆ ಒಯ್ದೆ. ಟೇಪು 255 ಎಂದಿದ್ದಲ್ಲಿ ತೂಕದ ಚೀಟಿ 240 ಎಂದಿತು. ನನ್ನ ಟೇಪು ಈ ಹಂತದಲ್ಲಿ ಹದಿನೈದು ಕಿಲೋ ಹೆಚ್ಚು ಹೇಳುತ್ತದೆ ಎಂದು ಅಂದು ಗೊತ್ತಾಯಿತು. ಹಾಗಾಗಿ ಟೇಪಿನಲ್ಲಿ 270 ದಾಟುವವರೆಗೆ ಕಾದು, ಹದಿನಾರೂವರೆ ತಿಂಗಳಿಗೆ ಇಂಜೆಕ್ಷನ್ ಕೊಡಿಸಿದೆ. ಇಪ್ಪತ್ತಾರನೇ ತಿಂಗಳು ಮುಗಿಯುವ ಮೊದಲೇ ತಾನಾಗಿ ಕರು ಹಾಕಿತು. ಮೊದಲ ಸೂಲಿನಲ್ಲೇ ದಿನಕ್ಕೆ 13 ಲೀಟರ್ ಕೊಟ್ಟಿದೆ.

ದೋಷಗಳೂ ಇವೆ. ಮೊದಲ ಟೇಪು ಬಟ್ಟೆಯದು. ಎರಡನೇ ವರ್ಷ ಒಂದು ಕಡಸು ಬೆಳೆಯುವುದೇ ನಿಂತಂತೆ ಕಂಡಿತು. ಉಕ್ಕಿನ ಟೇಪಿನ ಪಕ್ಕ ಇಟ್ಟು ನೋಡಿದಾಗ ಬಟ್ಟೆ ಹಿಗ್ಗಿತ್ತು, ಒಂದೂವರೆ ಮೀಟರಿಗೆ ಎರಡು ಸೆಂಟಿಮೀಟರ್. ಗೆರೆಗಳ ಅಂತರ ಹೆಚ್ಚಿದ್ದರಿಂದ ಓದು ಕಡಿಮೆಯಾಗಿತ್ತು. ಆ ಗಾತ್ರದ ಕಡಸಿನಲ್ಲಿ ಎರಡು ಸೆಂಟಿಮೀಟರ್ ಎಂದರೆ ಸುಮಾರು ಹತ್ತು ಕಿಲೋ. ಈಗಿನದು ಹಿಗ್ಗದ ಫೈಬರ್ ಟೇಪು. ಆದರೂ ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತೇನೆ.

ಅಳೆಯುವ ಕ್ರಮ ತಪ್ಪಿದರೆ ಒಳ್ಳೆಯ ಟೇಪೂ ಸುಳ್ಳು ಹೇಳುತ್ತದೆ. ಬೆಳಿಗ್ಗೆ ಮೇವು ನೀರಿಗೆ ಮೊದಲು, ನಾಲ್ಕೂ ಕಾಲು ಸಮನಾಗಿ ಊರಿ ತಲೆ ನೇರವಾಗಿರುವಾಗ, ಟೇಪನ್ನು ಮುಂಗಾಲಿನ ಮೊಣಕೈಯ ಹಿಂದೆಯೇ ಎದೆಯ ಸುತ್ತ ತರಬೇಕು. ಚರ್ಮಕ್ಕೆ ತಾಗಬೇಕು, ಆದರೆ ಒಳಗೆ ಒತ್ತಬಾರದು. ಕಡಸು ತಲೆ ತಗ್ಗಿಸಿದರೆ ಅಳತೆ ಬದಲಾಗುತ್ತದೆ. ಮೂರು ಸಲ ಅಳೆದು ನಡುವಿನದನ್ನು ಬರೆಯುತ್ತೇನೆ.

ಜೆರ್ಸಿ ಮಿಶ್ರತಳಿ ಇದ್ದವರು ನನ್ನ 255ಕ್ಕೆ ಕಾಯಬೇಕಿಲ್ಲ, ಅವು ಸಣ್ಣ ಮೈಯವು. ತಮ್ಮ ದೊಡ್ಡ ಹಸುವಿನ ತೂಕದಿಂದ ಲೆಕ್ಕ ಹಾಕಿಕೊಳ್ಳಿ. ಹಳ್ಳಿಕಾರ್‌ನಂತಹ ನಾಟಿ ತಳಿಗಳ ಬೆಳವಣಿಗೆಯೇ ನಿಧಾನ, ಅವಕ್ಕೆ ನನ್ನ ಗೋಡೆಯ ಮೇಲಿನ ಅಂಕಿಗಳು ಹೊಂದುವುದಿಲ್ಲ. ಗೌರಿಯ ಕರುವಿಗೆ ಈಗ ಐದು ತಿಂಗಳು. ಈ ಭಾನುವಾರದ ಅಳತೆ 108 ಕಿಲೋ.