ಸದ್ದು, ಕಂಪನ, ಅಕ್ಷರದ ಪಾಪ್‌ಅಪ್: ಮುಂಬಯಿಯ ಓಡಾಟದಲ್ಲಿ ಜಿಬೋರ್ಡ್ ಬಳಸಿದ ಅನುಭವ

ಡೊಂಬಿವಲಿಯಿಂದ ಫೋರ್ಟಿನ ಕಚೇರಿಗೆ ದಿನವೂ ಲೋಕಲ್‌ನಲ್ಲಿ ಹೋಗಿಬರುವ ನಾನು, ಕನ್ನಡ, ಮರಾಠಿ ಮತ್ತು ಇಂಗ್ಲಿಷ್ ಮೂರನ್ನೂ ಬರೆಯಲು ಹಲವು ವರ್ಷಗಳಿಂದ ಆಂಡ್ರಾಯ್ಡ್ ಫೋನ್‌ನಲ್ಲಿ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡನ್ನೇ ಬಳಸುತ್ತಿದ್ದೇನೆ. ಅದರ ಪದಸೂಚನೆ, ಧ್ವನಿ ಟೈಪಿಂಗ್ ಮೊದಲಾದವುಗಳ ಬಗ್ಗೆ ಬರೆದವರು ಬಹಳ ಮಂದಿ ಇದ್ದಾರೆ. ಕೀ ಒತ್ತಿದಾಗ ಕೇಳುವ ಸದ್ದು, ಬೆರಳಿಗೆ ತಾಗುವ ಕಂಪನ, ಬೆರಳಿನ ಮೇಲೆ ಕ್ಷಣಕಾಲ ದೊಡ್ಡದಾಗಿ ತೋರುವ ಅಕ್ಷರ, ಈ ಮೂರರ ಬಗ್ಗೆ ಮಾತ್ರ ಈ ವಿಮರ್ಶೆ. ಸಾರ್ವಜನಿಕ ಸ್ಥಳದಲ್ಲಿ ಇವುಗಳನ್ನು ಆಫ್ ಮಾಡಬೇಕೆಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಸದ್ದು. ನನ್ನ ಅನುಭವದಲ್ಲಿ ಮೂರರಲ್ಲಿ ಸುಲಭವಾಗಿ ಹತೋಟಿಗೆ ಬರುವುದು ಸದ್ದೇ, ಹೆಚ್ಚು ಎಚ್ಚರ ಬೇಕಾಗಿರುವುದು ಯಾರ ಕಿವಿಗೂ ಬೀಳದ ಆ ಪಾಪ್‌ಅಪ್‌ಗೆ.

ಮೂರೂ ಒಂದೇ ಕಡೆ ಸಿಗುತ್ತವೆ. ಕೀಬೋರ್ಡ್ ತೆರೆದು, ಮೇಲಿನ ಪಟ್ಟಿಯಲ್ಲಿರುವ ಗಾಲಿಯ ಚಿಹ್ನೆಯನ್ನು ಒತ್ತಿ, Preferences ಎಂಬಲ್ಲಿಗೆ ಹೋಗಿ ಕೆಳಗೆ ಜರುಗಿಸಿದರೆ Sound on keypress, Haptic feedback on keypress, Popup on keypress ಎಂಬ ಮೂರು ಸ್ವಿಚ್ಚುಗಳು ಕಾಣುತ್ತವೆ. ಸದ್ದಿನ ಸ್ವಿಚ್ಚು ಹಾಕಿದಾಗ ಅದರ ಪ್ರಮಾಣವನ್ನೂ, ಕಂಪನದ ಸ್ವಿಚ್ಚು ಹಾಕಿದಾಗ ಅದರ ಬಲವನ್ನೂ ಬೇರೆಯಾಗಿ ಹೊಂದಿಸಬಹುದು. ಇಲ್ಲಿ ಮಾಡಿದ ಬದಲಾವಣೆ ನೀವು ಸೇರಿಸಿಕೊಂಡ ಎಲ್ಲ ಭಾಷೆಗಳಿಗೂ ಅನ್ವಯಿಸುತ್ತದೆ. ಕನ್ನಡಕ್ಕೆ ಪಾಪ್‌ಅಪ್ ಇರಲಿ, ಇಂಗ್ಲಿಷಿಗೆ ಬೇಡ ಎಂದು ಇಲ್ಲಿ ಬೇರ್ಪಡಿಸಲು ಬರುವುದಿಲ್ಲ.

ಸದ್ದಿನ ವಿಷಯ ಬೇಗ ಮುಗಿಯುತ್ತದೆ. ಫೋನ್ ಸೈಲೆಂಟ್ ಅಥವಾ ವೈಬ್ರೇಟ್‌ನಲ್ಲಿದ್ದರೆ ಕೀ ಸದ್ದು ತಾನಾಗಿಯೇ ನಿಲ್ಲುತ್ತದೆ, ಆದ್ದರಿಂದ ಮಾಟುಂಗದ ಮೈಸೂರು ಅಸೋಸಿಯೇಷನ್‌ನಲ್ಲಿ ಉಪನ್ಯಾಸ ಕೇಳುತ್ತಾ ಟಿಪ್ಪಣಿ ಮಾಡಿಕೊಳ್ಳುವಾಗ ಕೀಬೋರ್ಡಿನ ಒಳಗೆ ಹೋಗಿ ಏನನ್ನೂ ಬದಲಿಸಬೇಕಾಗಿಲ್ಲ. ಸಭಾಂಗಣಕ್ಕೆ ಕಾಲಿಡುವಾಗ ಹೇಗೂ ಫೋನ್ ವೈಬ್ರೇಟ್‌ಗೆ ಹೋಗುತ್ತದೆ, ಕೀ ಸದ್ದೂ ಅದರೊಂದಿಗೇ ಅಡಗುತ್ತದೆ. ಇನ್ನು ಓಡುವ ಲೋಕಲ್‌ನಲ್ಲಿ, ಫ್ಯಾನು, ಗಾಲಿ, ಜನರ ಮಾತಿನ ನಡುವೆ ಆ ಸಣ್ಣ ಟಿಕ್ ನನಗೇ ಕೇಳುವುದಿಲ್ಲ, ಪಕ್ಕದವರಿಗೆ ಹೇಗೆ ಕೇಳೀತು? ತೊಂದರೆಯಾಗುವುದು ಆಸ್ಪತ್ರೆಯ ಕಾಯುವ ಕೋಣೆಯಂಥ ನಿಶ್ಶಬ್ದ ಜಾಗದಲ್ಲಿ, ಅದೂ ರಿಂಗ್ ಬೇಕೆಂದು ಫೋನನ್ನು ಸದ್ದಿನಲ್ಲೇ ಇಟ್ಟುಕೊಂಡಾಗ. ಆಂಡ್ರಾಯ್ಡ್‌ನಲ್ಲಿ ಸಾಮಾನ್ಯ ಅಕ್ಷರ, ಸ್ಪೇಸ್, ಅಳಿಸುವ ಕೀ ಮತ್ತು ಎಂಟರ್‌ಗೆ ಬೇರೆ ಬೇರೆ ಸದ್ದುಗಳು ಇರುವುದರಿಂದ, ಅಲ್ಲಿ ಪಕ್ಕದಲ್ಲಿ ಕುಳಿತವರು ನೀವು ಎಷ್ಟು ಬಾರಿ ಬರೆದು ಅಳಿಸಿದಿರಿ ಎಂಬುದನ್ನೂ ಲೆಕ್ಕ ಹಾಕಬಹುದು. ಅಂಥ ಕಡೆ ಓಡಾಡುವವರು Sound on keypress ಅನ್ನು ಶಾಶ್ವತವಾಗಿ ಆಫ್ ಮಾಡಿಡುವುದೇ ಸರಿ. ನಾನು ಹಾಗೆಯೇ ಮಾಡಿದ್ದೇನೆ, ಅದರ ಕೊರತೆ ಎಂದೂ ಕಾಣಿಸಿಲ್ಲ.

ಕಂಪನ ಹಾಗಲ್ಲ. ಫೋನನ್ನು ಸೈಲೆಂಟ್‌ಗೆ ಹಾಕಿದರೂ ಕೀ ಕಂಪನ ಸಾಮಾನ್ಯವಾಗಿ ಮುಂದುವರಿಯುತ್ತದೆ, ಏಕೆಂದರೆ ಅದರ ಸ್ವಿಚ್ಚಿಗೂ ರಿಂಗಿನ ಸ್ಥಿತಿಗೂ ಸಂಬಂಧವಿಲ್ಲ. ಕೈಯಲ್ಲಿ ಹಿಡಿದಾಗ ಅದು ಹೆಚ್ಚುಕಡಿಮೆ ನಿಶ್ಶಬ್ದವೇ ಸರಿ. ಅದೇ ಫೋನನ್ನು ಕಚೇರಿಯ ಮರದ ಮೇಜಿನ ಮೇಲೆ ಇಟ್ಟು ಒಂದು ಬೆರಳಿನಿಂದ ಟೈಪ್ ಮಾಡಿ ನೋಡಿ. ಮೋಟಾರಿನ ಅಲುಗಾಟ ಹಲಗೆಗೆ ದಾಟಿ, ಹಲಗೆಯೇ ತಂಬೂರಿಯ ಬುರುಡೆಯಂತೆ ಅದನ್ನು ಹಿಗ್ಗಿಸಿ, ಮೇಜಿನ ಸುತ್ತ ಕುಳಿತವರಿಗೆಲ್ಲ ಪ್ರತಿ ಅಕ್ಷರಕ್ಕೂ ಒಂದು ಗುರ್ ಎಂಬ ಸದ್ದು ಕೇಳಿಸುತ್ತದೆ. ಮೀಟಿಂಗ್‌ನಲ್ಲಿ ಕೀ ಸದ್ದು ಆರಿಸಿದ್ದೇನೆಂಬ ನೆಮ್ಮದಿಯಿಂದ ಬರೆಯುತ್ತಿರುವವರ ಫೋನೇ ಎಲ್ಲರಿಗಿಂತ ಹೆಚ್ಚು ಗದ್ದಲ ಮಾಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಈ ಗದ್ದಲ ಎಷ್ಟೆಂಬುದು ಫೋನಿನೊಳಗಿನ ಮೋಟಾರನ್ನು ಅವಲಂಬಿಸಿದೆ. ಅಗ್ಗದ ಫೋನ್‌ಗಳಲ್ಲಿ ಒಂದು ಬದಿಗೆ ತೂಕ ಹೆಚ್ಚಿರುವ ಪುಟ್ಟ ತಿರುಗುವ ಮೋಟಾರು ಇರುತ್ತದೆ. ಅದು ವೇಗ ಹಿಡಿಯಲೂ ನಿಲ್ಲಲೂ ಸಮಯ ಬೇಕಾಗುವುದರಿಂದ, ಬೇಗ ಟೈಪ್ ಮಾಡುವವರಿಗೆ ಒಂದು ಕೀಯ ಕಂಪನ ಮುಗಿಯುವ ಮುನ್ನವೇ ಇನ್ನೊಂದು ಶುರುವಾಗಿ ಎಲ್ಲವೂ ಒಂದೇ ಗುಂಯ್‌ಗುಡುವಿಕೆಯಾಗುತ್ತದೆ. ಸ್ವಲ್ಪ ಹೆಚ್ಚು ಬೆಲೆಯ ಫೋನ್‌ಗಳಲ್ಲಿರುವ, ಹಿಂದೆ ಮುಂದೆ ಮಾತ್ರ ಅಲುಗುವ ಲೀನಿಯರ್ ಮೋಟಾರು ತಟ್ಟನೆ ಶುರುವಾಗಿ ತಟ್ಟನೆ ನಿಲ್ಲುತ್ತದೆ, ಬೆರಳಿಗೆ ನಿಜವಾದ ಗುಂಡಿ ಒತ್ತಿದಂತೆ ಭಾಸವಾಗುತ್ತದೆ. ಹಿಂದೆ ನನ್ನ ಬಳಿ ಇದ್ದದ್ದು ಮೊದಲ ಬಗೆಯ ಫೋನ್. ಅದರಲ್ಲಿ ಕಂಪನದ ಬಲವನ್ನು ತೀರ ಕೆಳಗಿಳಿಸಿದರೆ ಮೋಟಾರು ಅಲುಗುತ್ತಲೇ ಇರಲಿಲ್ಲ, ತುಸು ಏರಿಸಿದರೆ ಮೇಜು ಗುರ್ರೆನ್ನುತ್ತಿತ್ತು, ನಡುವಿನ ಹದ ಸಿಗಲೇ ಇಲ್ಲ. ಅಂಥ ಫೋನ್ ಇರುವವರು ಬಲ ಹೊಂದಿಸುವ ಗೋಜಿಗೆ ಹೋಗದೆ ಕಂಪನವನ್ನು ಪೂರ್ತಿ ಆರಿಸುವುದೇ ಲೇಸು. ಈಗಿನ ಫೋನ್‌ನಲ್ಲಿ ಬಲವನ್ನು ಅರ್ಧಕ್ಕಿಂತ ಕೆಳಗಿಟ್ಟು, ಮೀಟಿಂಗ್‌ನಲ್ಲಿ ಫೋನನ್ನು ಡೈರಿಯ ಮೇಲೋ ಮಡಚಿದ ಕರವಸ್ತ್ರದ ಮೇಲೋ ಇಡುತ್ತೇನೆ. ಮೇಜಿಗೂ ಫೋನಿಗೂ ನಡುವೆ ಮೆತ್ತನೆಯದೇನಾದರೂ ಇದ್ದರೆ ಸದ್ದು ಬಹುಪಾಲು ಅಡಗುತ್ತದೆ.

ಲೋಕಲ್‌ನಲ್ಲಿ ಕಂಪನ ಯಾರಿಗೂ ತೊಂದರೆ ಕೊಡುವುದಿಲ್ಲ, ಆದರೆ ಉಪಯೋಗವೂ ಅಷ್ಟಕ್ಕಷ್ಟೆ. ಫಾಸ್ಟ್ ಲೋಕಲ್ ಠಾಣೆ ದಾಟಿ ವೇಗ ಹಿಡಿದಾಗ ಡಬ್ಬವೇ ಕುಲುಕುತ್ತಿರುತ್ತದೆ, ಕೀ ಒತ್ತಿತೋ ಇಲ್ಲವೋ ಎಂಬುದನ್ನು ಬೆರಳಿಗಿಂತ ಕಣ್ಣೇ ಹೇಳಬೇಕಾಗುತ್ತದೆ.

ಕಣ್ಣಿಗೆ ಹೇಳುವುದು ಪಾಪ್‌ಅಪ್‌ನ ಕೆಲಸ. ಕನ್ನಡ ವಿನ್ಯಾಸದಲ್ಲಿ ಬರೆಯುವಾಗ ಅದರ ಬೆಲೆ ಹೆಚ್ಚು, ಏಕೆಂದರೆ ಇಲ್ಲಿ ಕೀಗಳು ಒತ್ತೊತ್ತಾಗಿರುತ್ತವೆ. ದ, ಧ, ಥ ಎಂಬಂಥ ಒಂದೇ ಗೆರೆಯ ವ್ಯತ್ಯಾಸವಿರುವ ಅಕ್ಷರಗಳು ಹೆಬ್ಬೆರಳಿನ ಕೆಳಗೆ ಮುಚ್ಚಿಹೋದಾಗ ಯಾವುದು ಒತ್ತಿತೆಂದು ತಿಳಿಯಲು ಮೇಲೆದ್ದ ದೊಡ್ಡ ಅಕ್ಷರವೇ ದಾರಿ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕನ್ನಡ ಪಡೆಯುವ ವಿನ್ಯಾಸದಲ್ಲಿ ಅದರ ಅಗತ್ಯ ಅಷ್ಟಿಲ್ಲ, ಕನ್ನಡ ಪದ ಹೇಗೂ ಸೂಚನೆಯ ಪಟ್ಟಿಯಲ್ಲಿ ಕಾಣುತ್ತದೆ. ಬೆರಳನ್ನು ಎತ್ತದೆ ಎಳೆದು ಬರೆಯುವವರಿಗಂತೂ ಅಕ್ಷರಕ್ಕೊಂದು ಪಾಪ್‌ಅಪ್ ಬರುವುದೇ ಇಲ್ಲ.

ಹಾಗಾದರೆ ರೈಲಿನಲ್ಲಿ ಅದನ್ನು ಆರಿಸುವುದೇಕೆ? ಸಾಮಾನ್ಯ ಸಂದೇಶ ಬರೆಯುವಾಗ ಆರಿಸಿ ಪ್ರಯೋಜನವಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ನೀವು ನಾಲ್ಕನೇ ಸೀಟಿನಲ್ಲಿ ಅರ್ಧ ಕುಳಿತು ವಾಟ್ಸ್ಆಪ್‌ನಲ್ಲಿ ಬರೆಯುತ್ತಿದ್ದರೆ, ಎದುರಿನ ಸಾಲಿಗೂ ನಿಮಗೂ ನಡುವೆ ನಿಂತವರಿಗೆ ಬರೆದ ಸಾಲೇ ಪೂರ್ತಿ ಕಾಣುತ್ತಿರುತ್ತದೆ, ಒಂದೊಂದೇ ಅಕ್ಷರವನ್ನು ಅಡಗಿಸುವುದರಿಂದ ಏನೂ ಉಳಿಯದು. ಪಾಪ್‌ಅಪ್ ಅಪಾಯವಾಗುವುದು ಪೆಟ್ಟಿಗೆಯೊಳಗಿನ ಬರಹವನ್ನು ಚುಕ್ಕೆಗಳಿಂದ ಮುಚ್ಚಿರುವ ಕಡೆ, ಅಂದರೆ ಪಾಸ್‌ವರ್ಡಿನಲ್ಲಿ. ಅಲ್ಲಿ ಪೆಟ್ಟಿಗೆ ಮುಚ್ಚಿಟ್ಟದ್ದನ್ನು ಕೀಬೋರ್ಡ್ ಒಂದೊಂದಾಗಿ, ಮೂಲಕ್ಕಿಂತ ದೊಡ್ಡದಾಗಿ ತೋರಿಸುತ್ತಾ ಹೋಗುತ್ತದೆ. ಇದು ಬರಿಯ ಊಹೆಯಲ್ಲ. 2011ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಶೋಧಕರು, ಫೋನ್ ಪರದೆಯ ಮೇಲೇಳುವ ಇಂಥ ಅಕ್ಷರಗಳನ್ನೇ ಹಿಡಿದು, ಸಾಧಾರಣ ಕ್ಯಾಮೆರಾದ ವಿಡಿಯೋದಿಂದ, ಕಪ್ಪು ಕನ್ನಡಕದಲ್ಲಿ ಬಿದ್ದ ಪ್ರತಿಬಿಂಬದಿಂದಲೂ ಸಹ, ಟೈಪ್ ಮಾಡಿದ್ದನ್ನು ಮರಳಿ ಕಟ್ಟಬಹುದೆಂದು ತೋರಿಸಿದ್ದರು.

ಅಷ್ಟು ದೂರ ಹೋಗದೆ ಮನೆಯಲ್ಲೇ ಪರೀಕ್ಷಿಸಬಹುದು. ಕಾಲೇಜಿಗೆ ಹೋಗುವ ಅಣ್ಣನ ಮಗಳನ್ನು, ರೈಲಿನಲ್ಲಿ ಜನ ನಿಲ್ಲುವಷ್ಟೇ ಹತ್ತಿರದಲ್ಲಿ ನನ್ನ ಭುಜದ ಹಿಂದೆ ನಿಲ್ಲಿಸಿ, ಇಲ್ಲದ ಒಂದು ಪಾಸ್‌ವರ್ಡನ್ನು ಲಾಗಿನ್ ಪುಟದ ಪೆಟ್ಟಿಗೆಯಲ್ಲಿ ಬರೆದೆ. ಪಾಪ್‌ಅಪ್ ಇದ್ದಾಗ ಅವಳು ಅಕ್ಷರಗಳನ್ನು ಸಾಲಾಗಿ ಓದಿಬಿಟ್ಟಳು. ಅದನ್ನು ಆರಿಸಿ ಬೇರೊಂದನ್ನು ಬರೆದಾಗ, “ಚಿಕ್ಕಪ್ಪ, ಈಗ ನಿಮ್ಮ ಬೆರಳು ಯಾವ ಕಡೆ ಹೋಯಿತು ಅಂತ ಮಾತ್ರ ಗೊತ್ತಾಗ್ತಿದೆ, ಆದರೆ ಚುಕ್ಕೆ ಆಗೋ ಮುಂಚೆ ಅಕ್ಷರ ಒಂದು ಸಲ ಕಾಣಿಸ್ತಲ್ಲ” ಎಂದಳು. ಅವಳು ಕಂಡದ್ದು ಬೇರೆಯೇ ಒಂದು ಸೌಲಭ್ಯ. ಪಾಸ್‌ವರ್ಡಿನ ಕೊನೆಯ ಅಕ್ಷರವನ್ನು ಚುಕ್ಕೆಯಾಗುವ ಮೊದಲು ಕ್ಷಣಕಾಲ ತೋರಿಸುವುದು ಆಂಡ್ರಾಯ್ಡ್‌ನದೇ ಕೆಲಸ, ಕೀಬೋರ್ಡಿನದ್ದಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಭದ್ರತೆಯ ವಿಭಾಗದೊಳಗೆ ಇರುವ Show passwords ಎಂಬುದನ್ನು ಆಫ್ ಮಾಡಿದರೆ ಮಾತ್ರ ಅದು ನಿಲ್ಲುತ್ತದೆ. ಹುಡುಕುವ ಪೆಟ್ಟಿಗೆಯಲ್ಲಿ ಅದೇ ಹೆಸರನ್ನು ಬರೆದರೆ ಬೇಗ ಸಿಗುತ್ತದೆ. ಎರಡನ್ನೂ ಆರಿಸಿದ ಮೇಲೆ ಅವಳಿಗೆ ಉಳಿದದ್ದು ಬೆರಳಿನ ಓಟ ಮಾತ್ರ, ಅದನ್ನು ಇನ್ನೊಂದು ಅಂಗೈಯಿಂದ ಮರೆಮಾಡಬಹುದು.

ಈ ಪರೀಕ್ಷೆಯನ್ನು ನಿಮ್ಮ ಫೋನ್‌ನಲ್ಲೇ ಮಾಡಿ ನೋಡಬೇಕು, ಏಕೆಂದರೆ ಕೆಲವು ಕಂಪನಿಗಳ ಫೋನ್‌ಗಳು ಪಾಸ್‌ವರ್ಡ್ ಪೆಟ್ಟಿಗೆ ಬಂದ ಕೂಡಲೇ ಜಿಬೋರ್ಡನ್ನು ಬದಿಗೆ ಸರಿಸಿ ತಮ್ಮದೇ ಸುರಕ್ಷಿತ ಕೀಬೋರ್ಡನ್ನು ತರುತ್ತವೆ. ಕೀಬೋರ್ಡಿನ ಬಣ್ಣವೋ ಆಕಾರವೋ ಹಠಾತ್ತನೆ ಬದಲಾದರೆ ಹಾಗಾಗಿದೆ ಎಂದರ್ಥ, ಅಲ್ಲಿ ಜಿಬೋರ್ಡಿನ ಸ್ವಿಚ್ಚು ನಡೆಯುವುದಿಲ್ಲ. ಯುಪಿಐ ಪಿನ್ ಕೇಳುವ ಪುಟದಲ್ಲಿಯೂ ಅಂಕಿಗಳ ಫಲಕ ಆ ಪುಟದ್ದೇ ಆಗಿರುತ್ತದೆ. ದಾದರ್ ನಿಲ್ದಾಣದ ಹೊರಗೆ ತರಕಾರಿಯವನಿಗೆ ಹಣ ಕಳಿಸುವಾಗ ಪಾಪ್‌ಅಪ್ ಆರಿಸಿದ್ದೇನೆಂಬ ಧೈರ್ಯ ಉಪಯೋಗಕ್ಕೆ ಬಾರದು, ಅಲ್ಲಿ ಅಂಗೈಯೇ ಗತಿ.

ಪಾಪ್‌ಅಪ್ ಆರಿಸಿದ ಮೊದಲ ಕೆಲವು ವಾರ ಕನ್ನಡದಲ್ಲಿ ನನ್ನ ತಪ್ಪುಗಳು ಕಣ್ಣಿಗೆ ಕಾಣುವಷ್ಟು ಹೆಚ್ಚಿದವು, ಮಹಾಪ್ರಾಣಗಳಲ್ಲಿ ವಿಶೇಷವಾಗಿ. ಪ್ರತಿ ಸಲ ಸೆಟ್ಟಿಂಗ್ಸ್ ಒಳಗೆ ಹೋಗಿ ಬದಲಿಸುವುದು ಆಗುವ ಮಾತಲ್ಲವಾದ್ದರಿಂದ, ರೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ವಿನ್ಯಾಸ, ಮನೆಯಲ್ಲಿ ಕನ್ನಡ ವಿನ್ಯಾಸ ಎಂದು ಹಂಚಿಕೊಂಡು, ಪಾಪ್‌ಅಪ್ ಅನ್ನು ಶಾಶ್ವತವಾಗಿ ಆಫ್ ಮಾಡಿಟ್ಟಿದ್ದೇನೆ. ಕೀಯನ್ನು ಒತ್ತಿ ಹಿಡಿದಾಗ ಬರುವ ಇತರ ಅಕ್ಷರಗಳ ಪಟ್ಟಿ ಇದರಿಂದ ನಿಲ್ಲುವುದಿಲ್ಲ ಎಂಬುದು ಸಮಾಧಾನದ ಸಂಗತಿ. ರೈಲಿನಲ್ಲಿ ಪಾಸ್‌ವರ್ಡ್ ಬರೆಯುವ ಪ್ರಸಂಗವೇ ಬಾರದವರು, ಬೆರಳಚ್ಚಿನಿಂದಲೇ ಎಲ್ಲ ಆ್ಯಪ್ ತೆರೆಯುವವರು, ಈ ಕಷ್ಟಕ್ಕೆ ಇಳಿಯದೆ ಪಾಪ್‌ಅಪ್ ಉಳಿಸಿಕೊಳ್ಳಬಹುದು.

ಅಣ್ಣನ ಮಗಳ ಕೈಯಲ್ಲಿರುವುದು ಐಫೋನ್. ಅದರಲ್ಲಿ ಪಾಪ್‌ಅಪ್‌ನ, ಅಂದರೆ ಅಕ್ಷರದ ಮುನ್ನೋಟದ, ಸ್ವಿಚ್ಚು General ಒಳಗಿನ Keyboard ಪುಟದಲ್ಲಿ Character Preview ಎಂಬ ಹೆಸರಿನಿಂದ ಇದೆ, ಸದ್ದು ಮತ್ತು ಕಂಪನ ಮಾತ್ರ Sounds & Haptics ಒಳಗಿನ Keyboard Feedback ಎಂಬಲ್ಲಿವೆ. ಕೀ ಕಂಪನ ಐಫೋನಿಗೆ ಬಂದದ್ದೇ 2022ರ ಐಓಎಸ್ 16ರೊಂದಿಗೆ, ಅದರಿಂದ ಬ್ಯಾಟರಿಯ ಮೇಲೆ ಪರಿಣಾಮವಾಗಬಹುದೆಂದು ಆಪಲ್ ಸಂಸ್ಥೆಯೇ ಹೇಳಿದೆ. ಸ್ಯಾಮ್‌ಸಂಗ್‌ನ ಸ್ವಂತ ಕೀಬೋರ್ಡ್ ಬಳಸುವವರಿಗೆ ಸದ್ದು, ಕಂಪನ, ಮುನ್ನೋಟ ಮೂರೂ Touch feedback ಎಂಬ ಒಂದೇ ಪುಟದಲ್ಲಿ ಸಿಗುತ್ತವೆ.