ಇಂಟರ್‌ವ್ಯೂ ದಿನದ ಸ್ಲಾಟ್ ಹಂಚಿಕೆಗೆ ಗೂಗಲ್ ಶೀಟ್ಸ್: ಕೆಲವು ಪ್ಲೇಸ್‌ಮೆಂಟ್ ಸೀಸನ್‌ಗಳ ಬಳಕೆಯ ನಂತರ

ಎಂಜಿನಿಯರಿಂಗ್ ಕಾಲೇಜೊಂದರ ಪ್ಲೇಸ್‌ಮೆಂಟ್ ಸೆಲ್‌ನಲ್ಲಿ ಕೆಲಸ ಮಾಡುತ್ತೇನೆ. ಕಂಪನಿ ಬಂದ ದಿನ ಯಾವ ಹುಡುಗ, ಯಾವ ಹುಡುಗಿ, ಯಾವ ಪ್ಯಾನೆಲ್‌ಗೆ ಎಷ್ಟು ಗಂಟೆಗೆ ಹೋಗಬೇಕು ಎನ್ನುವುದನ್ನೆಲ್ಲ ಕೆಲವು ಸೀಸನ್‌ಗಳಿಂದ ಗೂಗಲ್ ಶೀಟ್ಸ್‌ನಲ್ಲೇ ನಡೆಸುತ್ತಿದ್ದೇವೆ. ದುಡ್ಡು ಕೊಟ್ಟು ಕೊಳ್ಳುವ ಬುಕಿಂಗ್ ಆ್ಯಪ್‌ಗಳು ಬೇಕಾದಷ್ಟಿವೆ. ಆದರೆ ಬೆಳಿಗ್ಗೆ ಹಾಕಿದ ವೇಳಾಪಟ್ಟಿ ಹನ್ನೊಂದು ಗಂಟೆಗೆ ಏನಾಗಿದೆ ಎಂದು ಹೇಳುವ ಸಾಧನ ನಮಗೆ ಬೇಕಿತ್ತು. ಆ ಕೆಲಸಕ್ಕೆ ಇದು ಒಗ್ಗಿದೆ.

ಒಂದು ಮಾದರಿ ದಿನವನ್ನೇ ತೆಗೆದುಕೊಳ್ಳಿ. 40 ಅಭ್ಯರ್ಥಿಗಳು, 4 ಟೆಕ್ನಿಕಲ್ ಪ್ಯಾನೆಲ್, 2 ಎಚ್‌ಆರ್ ಟೇಬಲ್. ಟೆಕ್ನಿಕಲ್‌ಗೆ ಅಂಕ ಬರೆಯುವ ಹೊತ್ತೂ ಸೇರಿ 30 ನಿಮಿಷ, ಎಚ್‌ಆರ್‌ಗೆ 15 ನಿಮಿಷ. ಲೆಕ್ಕಕ್ಕೆ ಎರಡೂ ಕಡೆ ಗಂಟೆಗೆ ಎಂಟು ಜನ ಮುಗಿಯುತ್ತಾರೆ, ಹಾಗಾಗಿ ಕಾಯುವ ಪ್ರಶ್ನೆಯೇ ಇಲ್ಲ ಅನ್ನಿಸುತ್ತದೆ. ನಾಲ್ಕೂ ಪ್ಯಾನೆಲ್ 9:30ಕ್ಕೆ ಒಟ್ಟಿಗೆ ಶುರುವಾದರೆ 10 ಗಂಟೆಗೆ ನಾಲ್ಕು ಮಂದಿ ಒಟ್ಟಿಗೆ ಹೊರಬರುತ್ತಾರೆ. ಎಚ್‌ಆರ್ ಬಳಿ ಇಬ್ಬರು ಒಳಗೆ, ಇಬ್ಬರು ಹೊರಗೆ. 10:30ಕ್ಕೆ ಮತ್ತೆ ನಾಲ್ವರು, ಮತ್ತೆ ಇಬ್ಬರು ಹೊರಗೆ. ಯಾರೂ ತಡ ಮಾಡದಿದ್ದರೂ ದಿನವಿಡೀ ಅರ್ಧದಷ್ಟು ಮಕ್ಕಳು ಕಾಲು ಗಂಟೆ ಕಾರಿಡಾರಿನಲ್ಲಿ ನಿಂತಿರುತ್ತಾರೆ.

ಇದಕ್ಕೆ ಪರಿಹಾರ ಪ್ಯಾನೆಲ್‌ಗಳನ್ನು ಏಳೂವರೆ ನಿಮಿಷದ ಅಂತರದಲ್ಲಿ ಒಂದರ ಹಿಂದೊಂದು ಶುರು ಮಾಡುವುದು. ಆಗ ಏಳೂವರೆ ನಿಮಿಷಕ್ಕೊಬ್ಬರಂತೆ ಹೊರಬರುತ್ತಾರೆ, ಎಚ್‌ಆರ್ ಟೇಬಲ್‌ಗಳು ಸರದಿಯಂತೆ ಅವರನ್ನು ತೆಗೆದುಕೊಳ್ಳುತ್ತವೆ. ಕಂಪನಿಯವರು ಮೊದಲು ಹುಬ್ಬೇರಿಸುತ್ತಾರೆ. ನಾಲ್ಕನೇ ಪ್ಯಾನೆಲ್‌ನವರಿಗೆ ಇನ್ನೊಂದು ಕಾಫಿ ಕುಡಿಯಲು ಇಪ್ಪತ್ತು ನಿಮಿಷ ಸಿಗುತ್ತದೆ ಎಂದರೆ ಒಪ್ಪುತ್ತಾರೆ.

ಎರಡನೆಯದು ಖಾಲಿ ಸ್ಲಾಟ್. ನಾವು ಪ್ರತಿ ಪ್ಯಾನೆಲ್‌ನ 5 ಮತ್ತು 10ನೇ ಸ್ಲಾಟ್‌ಗೆ ಯಾರನ್ನೂ ಹಾಕುವುದಿಲ್ಲ. ಹತ್ತು ಜನಕ್ಕೆ ಹನ್ನೆರಡು ಸ್ಲಾಟ್, ಏಳನೆಯದರ ನಂತರ 45 ನಿಮಿಷ ಊಟ. B ಕಾಲಂನಲ್ಲಿ ಸ್ಲಾಟ್ ಸಂಖ್ಯೆ, C ಕಾಲಂನಲ್ಲಿ ಪ್ಯಾನೆಲ್ ಸಂಖ್ಯೆ ಇದ್ದರೆ D ಕಾಲಂನ ನಿಗದಿತ ಸಮಯ ಹೀಗೆ ಬರುತ್ತದೆ:

```
=TIME(9,30,0)+(C2-1)*7.5/1440+(B2-1)*30/1440+IF(B2>7,45/1440,0)
```

ದಿನಕ್ಕೆ 1440 ನಿಮಿಷ, ಶೀಟ್ಸ್ ಸಮಯವನ್ನು ದಿನದ ಭಾಗವಾಗಿ ಲೆಕ್ಕ ಇಡುತ್ತದೆ, ಅದಕ್ಕೇ ಆ ಭಾಗಾಕಾರ. ಮೊದಲ ಪ್ಯಾನೆಲ್ 4:15ಕ್ಕೆ ಮುಗಿಯುತ್ತದೆ, ಕೊನೆಯದು 4:40ರೊಳಗೆ.

ಖಾಲಿ ಸ್ಲಾಟ್ ಏನು ಮಾಡುತ್ತದೆ ನೋಡಿ. ಮೂರನೇ ಪ್ಯಾನೆಲ್‌ನಲ್ಲಿ 10:15ಕ್ಕೆ ಒಳಹೋದ ಹುಡುಗಿಯ ಪ್ರಾಜೆಕ್ಟ್ ಪ್ಯಾನೆಲ್‌ನವರಿಗೆ ಹಿಡಿಸಿ ಮಾತು 50 ನಿಮಿಷ ನಡೆಯಿತು ಎಂದಿಟ್ಟುಕೊಳ್ಳಿ. ಅವಳು ಹೊರಬಂದದ್ದು 11:05ಕ್ಕೆ. 10:45ರವನು 11:05ಕ್ಕೆ ಹೋಗುತ್ತಾನೆ, 11:15ರವನು 11:35ಕ್ಕೆ ಹೋಗಿ 12:05ಕ್ಕೆ ಮುಗಿಸುತ್ತಾನೆ. ಮುಂದಿನವರ ಸಮಯ 12:15. ಇಪ್ಪತ್ತು ನಿಮಿಷದ ತಡ ಅಲ್ಲಿಗೇ ಕರಗಿತು, ಕಾದವರು ಇಬ್ಬರೇ. ಖಾಲಿ ಸ್ಲಾಟ್ ಇಲ್ಲದಿದ್ದರೆ ಅದೇ ಇಪ್ಪತ್ತು ನಿಮಿಷ ಊಟದವರೆಗೂ ಒಬ್ಬರಿಂದ ಒಬ್ಬರಿಗೆ ದಾಟುತ್ತಿತ್ತು. ಎಚ್‌ಆರ್ ಟೇಬಲ್‌ಗಳಿಗೂ ಅದೇ ಹೊತ್ತಿನಲ್ಲಿ ಉಸಿರು ಬಿಡಲು ಬಿಡುವು ಸಿಗುತ್ತದೆ. ಆ ಜಾಗದಲ್ಲಿ ಇನ್ನೂ ಎಂಟು ಜನರನ್ನು ನೋಡಬಹುದಲ್ಲ ಎಂದು ಕೇಳುವವರಿದ್ದಾರೆ. ನಾನಂತೂ ಬಿಟ್ಟುಕೊಡುವುದಿಲ್ಲ. ಮಾತು ಯಾವಾಗ ಲಂಬಿಸುತ್ತದೆ ಎಂದು ಮೊದಲೇ ಗೊತ್ತಿರದ ಕಡೆ ಪೂರ್ತಿ ತುಂಬಿದ ವೇಳಾಪಟ್ಟಿ ಒಂದು ದೀರ್ಘ ಸಂದರ್ಶನಕ್ಕೇ ಕುಸಿಯುತ್ತದೆ.

ಶೀಟ್ಸ್ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿಂದ ಮುಂದೆ. ಪ್ರತಿ ಬಾಗಿಲ ಬಳಿ ಒಬ್ಬ ವಾಲಂಟಿಯರ್ ಲ್ಯಾಪ್‌ಟಾಪ್ ಹಿಡಿದು ಕೂತಿರುತ್ತಾನೆ. ಅಭ್ಯರ್ಥಿ ಒಳಹೋದಾಗ E ಕಾಲಂನಲ್ಲಿ, ಹೊರಬಂದಾಗ F ಕಾಲಂನಲ್ಲಿ Ctrl+Shift+; ಒತ್ತುತ್ತಾನೆ. ಆ ಕ್ಷಣದ ಸಮಯ ಅಲ್ಲಿ ಅಚ್ಚಾಗಿ ಕೂರುತ್ತದೆ. ಅಲ್ಲಿ NOW() ಬರೆದರೆ ಆಗುವುದಿಲ್ಲ, ಅದು ಗಡಿಯಾರದ ಜೊತೆ ಬದಲಾಗುತ್ತಲೇ ಇರುತ್ತದೆ. ಮುಂದಿನವರು ನಿಜಕ್ಕೂ ಯಾವಾಗ ಒಳಹೋಗಬಹುದು ಎನ್ನುವುದು G ಕಾಲಂ. ಸಾಲುಗಳು ಪ್ಯಾನೆಲ್ ಪ್ರಕಾರ, ಅದರೊಳಗೆ ಸ್ಲಾಟ್ ಪ್ರಕಾರ ಇರಬೇಕು. ಪ್ಯಾನೆಲ್‌ನ ಮೊದಲ ಸಾಲಿಗೆ =IF(E2<>"",E2,D2), ಉಳಿದವಕ್ಕೆ ಇದು:

```
=IF(E3<>"",E3,MAX(D3,IF(F2<>"",F2,MAX(G2+30/1440,MOD(NOW(),1)))))
```

ಹಿಂದಿನವರು ಮುಗಿಸಿದ್ದರೆ ಅವರು ಹೊರಬಂದ ಸಮಯ, ಇಲ್ಲದಿದ್ದರೆ ಅಂದಾಜು, ಆದರೆ ಯಾವತ್ತೂ ನಿಗದಿತ ಸಮಯಕ್ಕಿಂತ ಮುಂಚೆ ಅಲ್ಲ. ಖಾಲಿ ಸ್ಲಾಟ್‌ಗೆ ಬೇರೆ ಸಾಲು ಬರೆಯಬೇಡಿ. D ಕಾಲಂನ ಜಿಗಿತವೇ ತಡವನ್ನು ನುಂಗುತ್ತದೆ.

ಇದು ನಡೆಯಲು ಎರಡು ಸೆಟ್ಟಿಂಗ್ ಸರಿಯಾಗಿರಬೇಕು. File > Settings ಒಳಗೆ ಟೈಮ್ ಝೋನ್ ಭಾರತದ್ದಾಗಿರಬೇಕು, Calculation ಟ್ಯಾಬ್‌ನಲ್ಲಿ "On change and every minute" ಆಯ್ಕೆಯಾಗಿರಬೇಕು. ಟೈಮ್ ಝೋನ್ ತಪ್ಪಿದ್ದರೆ ಪತ್ತೆ ಹಚ್ಚುವುದು ಸುಲಭ: ಖಾಲಿ ಸೆಲ್‌ನಲ್ಲಿ =NOW() ಬರೆದು ಗೋಡೆ ಗಡಿಯಾರ ನೋಡಿ. ಇನ್ನೊಂದು ಗುರುತೂ ಇದೆ. ಒಂದು ಪ್ಯಾನೆಲ್‌ನ G ಸಮಯಗಳೆಲ್ಲ ನಿಮಿಷಕ್ಕೊಮ್ಮೆ ಮುಂದೆ ಸರಿಯುತ್ತಿದ್ದರೆ ಒಳಗೆ ಮಾತು ಲಂಬಿಸಿದೆ, ಇಲ್ಲವೇ ವಾಲಂಟಿಯರ್ F ತುಂಬುವುದನ್ನು ಮರೆತಿದ್ದಾನೆ. ಬಾಗಿಲ ತನಕ ಒಮ್ಮೆ ಹೋಗಿ ಬಂದರೆ ಗೊತ್ತಾಗುತ್ತದೆ.

ವರದಿ ಮಾಡಿಕೊಳ್ಳುವ ಸಮಯವನ್ನೂ ಇದೇ ಶೀಟ್‌ನಿಂದ ಕೊಡುತ್ತೇವೆ. ಎಲ್ಲರನ್ನೂ ಎಂಟೂವರೆಗೆ ಕರೆದು ಸೆಮಿನಾರ್ ಹಾಲ್‌ನಲ್ಲಿ ಕೂರಿಸುವ ಪದ್ಧತಿ ಬೇಡವೇ ಬೇಡ. ಪ್ರತಿಯೊಬ್ಬರಿಗೂ ತಮ್ಮ ಸಮಯಕ್ಕಿಂತ ಕಾಲು ಗಂಟೆ ಮುಂಚೆ ಬನ್ನಿ ಎಂದು ಹೇಳಿದರೆ ಸಾಕು. ಪ್ರತಿ ಪ್ಯಾನೆಲ್‌ನ ಎರಡನೆಯವರನ್ನು ಮಾತ್ರ ಮೊದಲನೆಯವರ ಜೊತೆಯಲ್ಲೇ ಕರೆಯುತ್ತೇವೆ. ಮೊದಲನೆಯವರ ಬಸ್ ತಪ್ಪಿದರೆ ಪ್ಯಾನೆಲ್ ಸುಮ್ಮನೆ ಕೂರಬಾರದಲ್ಲ. 1952ರಲ್ಲಿ ಇಂಗ್ಲೆಂಡಿನ ಆಸ್ಪತ್ರೆಗಳ ಹೊರರೋಗಿ ವಿಭಾಗಕ್ಕೆ ವೆಲ್ಚ್ ಮತ್ತು ಬೇಯ್ಲಿ ಸೂಚಿಸಿದ ಕ್ರಮವೂ ಇದೇ: ಶುರುವಿನಲ್ಲಿ ಇಬ್ಬರನ್ನು ಕರೆಯಿರಿ, ಆಮೇಲೆ ಸರಾಸರಿ ಹೊತ್ತಿಗೊಬ್ಬರಂತೆ. ಕಾಯುವ ಕಷ್ಟ ಆ ಒಬ್ಬರಿಗೆ ಬೀಳುತ್ತದೆ, ಅದಕ್ಕೆ ಹಾಸ್ಟೆಲ್‌ನಲ್ಲೇ ಇರುವವರನ್ನು ಆ ಜಾಗಕ್ಕೆ ಆರಿಸುತ್ತೇವೆ.

ಕೊರತೆಗಳೂ ಇವೆ. ಆ ಕೀಬೋರ್ಡ್ ಶಾರ್ಟ್‌ಕಟ್ ಫೋನ್‌ನ ಟಚ್ ಕೀಬೋರ್ಡ್‌ನಲ್ಲಿ ಸಿಗುವುದಿಲ್ಲ, ಹಾಗಾಗಿ ಬಾಗಿಲಿಗೊಂದು ಲ್ಯಾಪ್‌ಟಾಪ್ ಬೇಕೇ ಬೇಕು. ಸಮಯ ಬದಲಾದರೆ ಅಭ್ಯರ್ಥಿಯ ಫೋನಿಗೆ ಶೀಟ್ಸ್ ತಾನಾಗಿ ಮೆಸೇಜ್ ಕಳಿಸುವುದಿಲ್ಲ. ಹಾಲ್‌ನ ಪ್ರೊಜೆಕ್ಟರ್‌ನಲ್ಲಿ ಯುಎಸ್‌ಎನ್ ಮತ್ತು G ಕಾಲಂ ಮಾತ್ರ ತೋರಿಸುವ ಇನ್ನೊಂದು ಫೈಲ್ ಇಡುತ್ತೇವೆ, ವಾಟ್ಸ್‌ಆ್ಯಪ್ ಗುಂಪಿಗೆ ಒಬ್ಬರು ಹಾಕುತ್ತಾರೆ. ಅಂಕಗಳು ಇರುವ ಫೈಲ್ ಬೇರೆಯೇ ಇರಲಿ. ದೊಡ್ಡ ಅಪಾಯ ಎಂದರೆ ಸಾರ್ಟ್. G ಸೂತ್ರ ಮೇಲಿನ ಸಾಲನ್ನು ನೋಡುವುದರಿಂದ ಯಾರಾದರೂ ಹೆಸರಿನ ಪ್ರಕಾರ ಸಾರ್ಟ್ ಮಾಡಿದರೆ ಎಲ್ಲ ಅಂದಾಜೂ ಅರ್ಥ ಕಳೆದುಕೊಳ್ಳುತ್ತದೆ. E ಮತ್ತು F ಬಿಟ್ಟು ಉಳಿದದ್ದನ್ನೆಲ್ಲ Protect sheets and ranges ಮೂಲಕ ಲಾಕ್ ಮಾಡಿ, ತಮ್ಮ ಪ್ಯಾನೆಲ್ ಮಾತ್ರ ನೋಡಬೇಕಾದವರಿಗೆ ಫಿಲ್ಟರ್ ವ್ಯೂ ಮಾಡಿಕೊಡಿ.

ಒಂದು ಕ್ಯಾಂಪಸ್, ಒಂದು ದಿನ, ಹತ್ತಿರ ಹತ್ತಿರದ ಕೋಣೆಗಳು ಎಂದರೆ ನನಗೆ ಇದೇ ಸಾಕು. ಒಬ್ಬ ಅಭ್ಯರ್ಥಿ ಒಂದೇ ದಿನ ಎರಡು ಕಂಪನಿಗೆ ಕೂರುವಂತಿದ್ದರೆ ಮಾತ್ರ ಈ ಸೂತ್ರಗಳು ಆ ಡಿಕ್ಕಿಯನ್ನು ಕಾಣವು; ಅದನ್ನು ಹಿಂದಿನ ಸಂಜೆ ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟುಕೊಂಡು ಕೈಯಲ್ಲೇ ಬಿಡಿಸುತ್ತೇವೆ.